ಸ್ಟೀಲ್ ಡಬ್ಬಿಯೋ, ಪ್ಲಾಸ್ಟಿಕ್ ಡಬ್ಬಿಯೋ, ಗ್ರಾಹಕರದೇ ಡಬ್ಬಿಯೋ: ತಿಂಗಳ ಊಟದ ವ್ಯವಹಾರಕ್ಕೆ ಒಂದು ಹೋಲಿಕೆ

ಮನೆಯಲ್ಲಿ ಅಡುಗೆ ಮಾಡಿ ತಿಂಗಳ ಲೆಕ್ಕದಲ್ಲಿ ಊಟದ ಡಬ್ಬಿ ಕಳಿಸಬೇಕೆಂದು ಯೋಚಿಸುತ್ತಿರುವ ಬೆಳಗಾವಿಯ ಕೆಲವರು ಈಚೆಗೆ ಒಂದೇ ಬಗೆಯ ಗೊಂದಲವನ್ನು ಮುಂದಿಟ್ಟಿದ್ದಾರೆ. ರೊಟ್ಟಿ, ಪಲ್ಯ, ಅನ್ನ, ಸಾರು ಮಾಡುವುದರಲ್ಲಿ ಅವರಿಗೆ ಅನುಮಾನವಿಲ್ಲ. ಯಾವ ಡಬ್ಬಿಯಲ್ಲಿ ಕಳಿಸಬೇಕು, ಎಷ್ಟು ದೂರದವರೆಗೆ ಕಳಿಸಬೇಕು, ಹಣವನ್ನು ಮುಂಚೆ ಪಡೆಯಬೇಕೋ ತಿಂಗಳ ಕೊನೆಗೋ, ಡಬ್ಬಿ ತಲುಪದ ದಿನ ಏನು ಮಾಡಬೇಕು ಎಂಬಲ್ಲಿ ಅವರು ನಿಂತಿದ್ದಾರೆ. ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳೆಂದು ತೋರಿದರೂ ಡಬ್ಬಿಯ ಆಯ್ಕೆ ಉಳಿದ ಮೂರನ್ನೂ ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಆದ್ದರಿಂದ ಈ ಬರಹದಲ್ಲಿ ಡಬ್ಬಿಯಿಂದ ಆರಂಭಿಸಿ, ಅದರ ಹಿಂದೆಯೇ ದಾರಿ, ಬಿಲ್ಲು ಮತ್ತು ತಪ್ಪಿದ ಡಬ್ಬಿಯ ಲೆಕ್ಕಕ್ಕೆ ಹೋಗುತ್ತೇನೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡುಗೆಮನೆ ಟಿಳಕವಾಡಿಯಲ್ಲಿದೆ. ಮಧ್ಯಾಹ್ನದ ಊಟ ಮಾತ್ರ, ತಿಂಗಳಿಗೆ 26 ದಿನ, ಡಬ್ಬಿಗೆ 80 ರೂಪಾಯಿ, ಒಟ್ಟು 40 ಗ್ರಾಹಕರು. ಇವರಲ್ಲಿ 18 ಜನ ಉದ್ಯಮಬಾಗದ ಆರು ವರ್ಕ್‌ಶಾಪುಗಳಲ್ಲಿದ್ದಾರೆ. 22 ಜನ ನೆಹರೂ ನಗರ, ಸದಾಶಿವ ನಗರದ ಕಡೆಯ ಮನೆ ಮತ್ತು ರೂಮುಗಳಲ್ಲಿದ್ದಾರೆ. ತಿಂಗಳಿಗೆ 1,040 ಡಬ್ಬಿ, 83,200 ರೂಪಾಯಿ ವಹಿವಾಟು. ಈ ದರಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು. ಓದುವವರು ತಮ್ಮ ಪೇಟೆಯ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ಯಾವ ಅಳತೆಗೋಲಿನಿಂದ ನೋಡಬೇಕು

ಡಬ್ಬಿಯನ್ನು ಆರಿಸುವಾಗ ನೋಡಬೇಕಾದ ಮೊದಲ ಸಂಗತಿ, ಊಟ ತಲುಪುವ ಹೊತ್ತಿಗೆ ಹೇಗಿರುತ್ತದೆ ಎಂಬುದು. ಬೇಯಿಸಿದ ಅಡುಗೆಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕು, ಉಗುರುಬೆಚ್ಚಗಾದ ಮೇಲೆ ಎರಡು ತಾಸಿನೊಳಗೆ ತಿನ್ನಬೇಕು ಎಂಬ ಸಾಮಾನ್ಯ ಎಚ್ಚರಿಕೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಎರಡನೆಯದು, ಒಂದು ಊಟದ ಮೇಲೆ ಡಬ್ಬಿಗೆ ತಗಲುವ ನಿಜವಾದ ಖರ್ಚು. ಇದರಲ್ಲಿ ಖರೀದಿಯ ಜೊತೆಗೆ ತೊಳೆಯುವ ಕೂಲಿ ಮತ್ತು ಕಳೆದುಹೋಗುವ ಡಬ್ಬಿಯೂ ಸೇರಬೇಕು. ಮೂರನೆಯದು, ಡಬ್ಬಿ ಮುಟ್ಟಿಸುವ ಹುಡುಗ ಪ್ರತಿ ಬಾಗಿಲಲ್ಲಿ ನಿಲ್ಲುವ ನಿಮಿಷಗಳು. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಒಂದು ದಿನ ಡಬ್ಬಿ ತಪ್ಪಿದರೆ ಮರುದಿನದ ಕೆಲಸ ಎಷ್ಟು ಕೆಡುತ್ತದೆ ಎಂಬುದು.

ಸ್ಟೀಲ್ ಡಬ್ಬಿ

ನಮ್ಮ ಕಡೆಯ ಊಟಕ್ಕೆ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ಚೆನ್ನಾಗಿ ಹೊಂದುತ್ತದೆ. ಕೆಳಗೆ ಅನ್ನ, ನಡುವೆ ಸಾರು ಅಥವಾ ಬೇಳೆ, ಮೇಲೆ ಪಲ್ಯ ಹಾಕಬಹುದು. ಎಣ್ಣೆಗಾಯಿಯ ಎಣ್ಣೆ, ಖಾರದ ಬಣ್ಣ, ಬೆಳ್ಳುಳ್ಳಿಯ ವಾಸನೆ ಸ್ಟೀಲಿಗೆ ಅಂಟಿ ಉಳಿಯುವುದಿಲ್ಲ. ಹುಣಸೆಹುಳಿ, ಮೊಸರು ಹಾಕಿದರೂ ತೊಂದರೆಯಿಲ್ಲ. ಅಲ್ಯೂಮಿನಿಯಂ ಡಬ್ಬಿಗೆ ಈ ಮಾತು ಹೇಳಲಾಗದು, ಹುಳಿ ಅದನ್ನು ತಿನ್ನುತ್ತದೆ, ಆದ್ದರಿಂದ ಅಗ್ಗವೆಂದು ಅದರ ಕಡೆ ಹೋಗಬಾರದು. ಕೊಳ್ಳುವಾಗ ಸಾರಿನ ಅಂತಸ್ತಿನ ಮುಚ್ಚಳಕ್ಕೆ ಸಿಲಿಕೋನ್ ರಿಂಗ್ ಇದೆಯೇ ಎಂದು ನೋಡಬೇಕು. ಅಂಗಡಿಯಲ್ಲೇ ನೀರು ತುಂಬಿಸಿ, ಮುಚ್ಚಿ, ಅಡ್ಡ ಮಲಗಿಸಿ ನೋಡುವುದು ಉತ್ತಮ. ರಸ್ತೆಯ ಹಂಪಿನಲ್ಲಿ ಡಬ್ಬಿ ನೆಟ್ಟಗೆ ನಿಲ್ಲುವುದಿಲ್ಲ.

ರೊಟ್ಟಿಯ ವಿಷಯ ಮಾತ್ರ ಬೇರೆ. ಬಿಸಿ ಜೋಳದ ರೊಟ್ಟಿಯನ್ನು ಸ್ಟೀಲಿನೊಳಗೆ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ, ಮೇಲಿನ ರೊಟ್ಟಿ ತೊಯ್ದು ಮೆತ್ತಗಾಗುತ್ತದೆ. ಪ್ಲಾಸ್ಟಿಕ್ಕಿನಲ್ಲೂ ಹೀಗೆಯೇ ಆಗುತ್ತದೆ. ಇದಕ್ಕೆ ಡಬ್ಬಿಯನ್ನು ದೂರುವುದಕ್ಕಿಂತ ರೊಟ್ಟಿಯನ್ನು ಒಂದೆರಡು ನಿಮಿಷ ಆರಲು ಬಿಟ್ಟು, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯ ಹೊರಗೆ ಚೀಲದಲ್ಲಿ ಇಡುವುದು ಸರಿ. ದೂರದ ಗ್ರಾಹಕರಿಗೆ ಕಟಕ ರೊಟ್ಟಿ ಕೊಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಖರ್ಚು. ಇಂದು ತುಂಬಿದ ಡಬ್ಬಿ ಕೊಟ್ಟು ನಿನ್ನೆಯ ಖಾಲಿ ಡಬ್ಬಿಯನ್ನು ತರುವ ಪದ್ಧತಿಯಾದ್ದರಿಂದ ಪ್ರತಿ ಗ್ರಾಹಕರಿಗೆ ಎರಡು ಡಬ್ಬಿ ಬೇಕು. 40 ಜನರಿಗೆ 80, ಹೆಚ್ಚುವರಿಯಾಗಿ ಎಂಟು, ಒಟ್ಟು 88. ಒಂದಕ್ಕೆ 400 ರೂಪಾಯಿಯಂತೆ 35,200 ರೂಪಾಯಿ ಮೊದಲೇ ಹೂಡಬೇಕು. ಒಂದು ಊಟಕ್ಕೆ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು 10 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 10,400 ರೂಪಾಯಿ ಆಗುತ್ತದೆ. ಹಾಗಾದರೆ ಮೂರೂವರೆ ತಿಂಗಳಲ್ಲೇ ಸ್ಟೀಲಿನ ಹಣ ಮರಳಿತೆಂದು ಅನ್ನಿಸಬಹುದು, ಆದರೆ ಅದು ಅರ್ಧ ಲೆಕ್ಕ. ತೊಳೆಯುವವರಿಗೆ ತಿಂಗಳಿಗೆ 4,000 ರೂಪಾಯಿ ಕೊಡಬೇಕು. ತಿಂಗಳಿಗೆ ಎರಡು ಡಬ್ಬಿ ಕಳೆದರೆ ಅಥವಾ ಕ್ಲಿಪ್ಪು ಮುರಿದರೆ 800 ರೂಪಾಯಿ ಹೋಗುತ್ತದೆ. ನಿಜವಾದ ಉಳಿತಾಯ ತಿಂಗಳಿಗೆ 5,600 ರೂಪಾಯಿ, ಹೂಡಿದ ಹಣ ಮರಳಲು ಆರು ತಿಂಗಳಿಗಿಂತ ತುಸು ಹೆಚ್ಚು. ಗ್ರಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದು ರಜೆಯಲ್ಲಿ ಊರಿಗೆ ಹೋಗುವವರಾದರೆ ಈ ಅವಧಿ ಇನ್ನೂ ಚಾಚುತ್ತದೆ. ವರ್ಷಪೂರ್ತಿ ಇರುವ ವರ್ಕ್‌ಶಾಪಿನವರಾದರೆ ಸ್ಟೀಲು ನಿಸ್ಸಂಶಯವಾಗಿ ಲಾಭದ್ದು.

ಪ್ಲಾಸ್ಟಿಕ್ ಡಬ್ಬಿ

ಬಳಸಿ ಎಸೆಯುವ ಡಬ್ಬಿಯ ದೊಡ್ಡ ಅನುಕೂಲ, ಅದು ಹಿಂದಕ್ಕೆ ಬರಬೇಕಾಗಿಲ್ಲ. ಖಾಲಿ ಡಬ್ಬಿಗಾಗಿ ಕಾಯುವುದಿಲ್ಲ, ತೊಳೆಯುವುದಿಲ್ಲ, ಠೇವಣಿ ಇಲ್ಲ, ಲೆಕ್ಕದ ವಹಿ ಸಣ್ಣದು. ಗ್ರಾಹಕರು ನಾಳೆಯಿಂದ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಎಷ್ಟು ಜನ ನಿಲ್ಲುತ್ತಾರೆಂಬುದು ಗೊತ್ತಿರದ ಮೊದಲ ಎರಡು ತಿಂಗಳಿಗೆ, ಅಥವಾ ಒಂದೊಂದು ವಾರಕ್ಕೆ ಮಾತ್ರ ಡಬ್ಬಿ ಕೇಳುವ ಆಸ್ಪತ್ರೆಯ ರೋಗಿಗಳ ಕಡೆಯವರಿಗೆ ಇದೇ ಸರಿಯಾದ ಆಯ್ಕೆ. ಅಂಥವರಿಂದ ಸ್ಟೀಲ್ ಡಬ್ಬಿ ಮರಳಿ ಪಡೆಯುವುದು ಕಷ್ಟ.

ಆದರೆ ಬಿಸಿ ಸಾರನ್ನು ಹಾಕುವುದಾದರೆ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಮತ್ತು PP ಎಂಬ ಗುರುತು ಇರಲೇಬೇಕು. ಬಿಸಿಗೆ ತಡೆಯುವ ಜಾತಿ ಅದು. ತೆಳ್ಳಗಿನ, ಪಾರದರ್ಶಕವಾದ, ಗುರುತಿಲ್ಲದ ಡಬ್ಬಿ ಬಿಸಿ ಬಿದ್ದೊಡನೆ ಮುದುಡಿಕೊಳ್ಳುತ್ತದೆ, ಮುಚ್ಚಳ ಸಡಿಲವಾಗುತ್ತದೆ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆಯೆಂಬುದನ್ನೂ ನೆನಪಿಡಬೇಕು. ಡಬ್ಬಿಯ ಜೊತೆ ಪ್ಲಾಸ್ಟಿಕ್ ಚಮಚ, ತೆಳು ಕೈಚೀಲ ಕೊಡುವ ರೂಢಿಗೆ ಹೋಗಬಾರದು. ವರ್ಕ್‌ಶಾಪಿನ ಮೂಲೆಯಲ್ಲಿ ದಿನವೂ ಹದಿನೆಂಟು ಸೆಟ್ಟು ಎಂಜಲು ಡಬ್ಬಿ ಗುಡ್ಡೆಯಾದರೆ ಮಾಲೀಕರು ಬಹಳ ದಿನ ಸುಮ್ಮನಿರುವುದಿಲ್ಲ ಎಂಬುದು ಬೇರೆ ಮಾತು.

ಗ್ರಾಹಕರದೇ ಡಬ್ಬಿ

ಖಾನಾವಳಿಗೆ ಮನೆಯ ಡಬ್ಬಿ ಒಯ್ದು ತುಂಬಿಸಿಕೊಂಡು ಬರುವುದು ಈ ಭಾಗಕ್ಕೆ ಹೊಸದಲ್ಲ. ಗ್ರಾಹಕರೇ ಬಂದು ಒಯ್ಯುವುದಾದರೆ ಇದಕ್ಕಿಂತ ಅಗ್ಗದ ಪದ್ಧತಿ ಬೇರೊಂದಿಲ್ಲ: ಹೂಡಿಕೆ ಇಲ್ಲ, ತೊಳೆಯುವ ಖರ್ಚು ಅವರದು. ಅಡುಗೆಮನೆಯಿಂದ ನಡೆದು ಬರುವಷ್ಟು ಹತ್ತಿರದ ಹಿರಿಯರಿಗೆ, ಒಬ್ಬರೇ ಇರುವ ನೌಕರರಿಗೆ ಹೀಗೆ ಕೊಟ್ಟು, ಡಬ್ಬಿಗೆ 10 ರೂಪಾಯಿ ಕಡಿಮೆ ಮಾಡಿದರೂ ನಷ್ಟವಿಲ್ಲ.

ಅದನ್ನೇ ಮನೆಬಾಗಿಲಿಗೆ ಮುಟ್ಟಿಸುವ ವ್ಯವಹಾರಕ್ಕೆ ತಂದರೆ ಕೆಡುತ್ತದೆ. ಬೆಳಿಗ್ಗೆ ಒಮ್ಮೆ ಡಬ್ಬಿ ಸಂಗ್ರಹಿಸಲು, ಮಧ್ಯಾಹ್ನ ಒಮ್ಮೆ ಕೊಡಲು ಎರಡು ಸುತ್ತು ತಿರುಗಬೇಕು. ಒಬ್ಬರದು ಎರಡು ಅಂತಸ್ತು, ಇನ್ನೊಬ್ಬರದು ನಾಲ್ಕು. ಅಳತೆ ಒಂದೇ ಇರದಿದ್ದರೆ ಪಕ್ಕದವರಿಗೆ ಅನ್ನ ಹೆಚ್ಚು ಬಂತೆಂಬ ದೂರು ಬರುತ್ತದೆ. ಸರಿಯಾಗಿ ತೊಳೆಯದ ಡಬ್ಬಿಯಲ್ಲಿ ಊಟ ಹಳಸಿದರೂ ಹೆಸರು ಕೆಡುವುದು ಅಡುಗೆಯವರದೇ. ಹತ್ತು ಜನರ ಆಚೆಗೆ ಈ ಪದ್ಧತಿಯನ್ನು ಬೆಳೆಸಬಾರದು ಎಂಬುದು ನನ್ನ ಅಭಿಪ್ರಾಯ.

ದಾರಿಯ ಲೆಕ್ಕ ಡಬ್ಬಿಯ ಮೇಲೆ

ಪ್ಲಾಸ್ಟಿಕ್ ಡಬ್ಬಿಯಾದರೆ ಹುಡುಗ ಬೇಗ ಮುಗಿಸುತ್ತಾನೆ, ಒಬ್ಬನೇ ಸಾಕು ಎಂಬ ನಂಬಿಕೆ ಸಾಮಾನ್ಯವಾಗಿದೆ. ನಮ್ಮ ಉದಾಹರಣೆಯಲ್ಲಿ ಅದನ್ನು ಪರೀಕ್ಷಿಸೋಣ.

ಸ್ಟೀಲ್ ಡಬ್ಬಿಯಾದರೆ ಒಂದು ವರ್ಕ್‌ಶಾಪಿನ ಗೇಟಿನಲ್ಲಿ ಮೂರು ಡಬ್ಬಿ ಕೊಟ್ಟು ಮೂರು ಖಾಲಿ ಎಣಿಸಿಕೊಳ್ಳಲು ನಾಲ್ಕು ನಿಮಿಷ ಬೇಕು. ಆರು ಕಡೆ 24 ನಿಮಿಷ, ಹೋಗುವ ಮತ್ತು ನಡುವೆ ತಿರುಗುವ ಸಮಯ 25 ನಿಮಿಷ. 11.45ಕ್ಕೆ ಹೊರಟರೆ 12.35ರ ಸುಮಾರಿಗೆ ಉದ್ಯಮಬಾಗ ಮುಗಿಯುತ್ತದೆ. ತುಂಬಿದ ಸ್ಟೀಲ್ ಡಬ್ಬಿ ಒಂದೂವರೆ ಕಿಲೋ ತೂಗುವುದರಿಂದ ನಲವತ್ತನ್ನೂ ಒಂದೇ ಬೈಕಿಗೆ ಹೇರಲಾಗದು. ಅವನು ಮತ್ತೆ ಅಡುಗೆಮನೆಗೆ ಬಂದು ಉಳಿದ 22 ಡಬ್ಬಿ ಹೇರಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಬೇಕು. ನೆಹರೂ ನಗರ ತಲುಪುವಾಗ 1.10. ಅಲ್ಲಿ ಒಂದೊಂದು ಬಾಗಿಲಿಗೆ ಮೂರು ನಿಮಿಷ, ನಡುವಿನ ಓಡಾಟಕ್ಕೆ ಒಂದೂವರೆ ನಿಮಿಷ, ಒಟ್ಟು 99 ನಿಮಿಷ. ಕೊನೆಯ ಡಬ್ಬಿ ತಲುಪುವುದು ಸುಮಾರು 2.50ಕ್ಕೆ. ಅಷ್ಟು ಹೊತ್ತಿಗೆ ಆ ಗ್ರಾಹಕರು ಹೊರಗೆ ಊಟ ಮುಗಿಸಿರುತ್ತಾರೆ.

ಈಗ ಪ್ಲಾಸ್ಟಿಕ್ ಡಬ್ಬಿ. ಹಗುರವಾದ್ದರಿಂದ ನಲವತ್ತನ್ನೂ ಒಮ್ಮೆಗೆ ಒಯ್ಯಬಹುದು. 12 ಗಂಟೆಗೆ ಹೊರಟು, ಒಂದು ಗೇಟಿಗೆ ಎರಡೇ ನಿಮಿಷ ಕೊಟ್ಟರೆ 12.37ಕ್ಕೆ ಉದ್ಯಮಬಾಗ ಮುಗಿಯುತ್ತದೆ. ಅಲ್ಲಿಂದ ನೇರವಾಗಿ ನೆಹರೂ ನಗರಕ್ಕೆ ಅರ್ಧ ತಾಸು, ನಂತರ 22 ಬಾಗಿಲಿಗೆ 66 ನಿಮಿಷ. ಕೊನೆಯ ಡಬ್ಬಿ 2.13ಕ್ಕೆ. ಮೊದಲಿಗಿಂತ ಬೇಗ, ನಿಜ, ಆದರೂ ತಡವೇ. ಮಳೆಗಾಲದಲ್ಲಿ, ದಾರಿಯಲ್ಲಿ ರೈಲ್ವೆ ಗೇಟು ಬಿದ್ದ ದಿನ ಇನ್ನೂ ತಡ. ಅಂದರೆ ಈ 40 ಗ್ರಾಹಕರಿಗೆ ಯಾವ ಡಬ್ಬಿಯಾದರೂ ಇಬ್ಬರು ಹುಡುಗರು ಬೇಕೇ ಬೇಕು. ಪ್ಲಾಸ್ಟಿಕ್ ಡಬ್ಬಿ ಉಳಿಸುವ ನಿಮಿಷಗಳು ಒಂದು ಸಂಬಳವನ್ನು ಉಳಿಸುವುದಿಲ್ಲ. ಇಬ್ಬರನ್ನು ಇಟ್ಟಮೇಲೆ ಸ್ಟೀಲ್ ಡಬ್ಬಿಯಲ್ಲೂ ಸಮಯ ಹೊಂದುತ್ತದೆ: ಎರಡನೆಯವನು 11.30ಕ್ಕೆ ಹೊರಟರೆ 1.35ರೊಳಗೆ ನೆಹರೂ ನಗರದ ಕಡೆಯ ಎಲ್ಲ ಬಾಗಿಲೂ ಆಗುತ್ತವೆ.

ಹಾಗಿದ್ದರೆ ಆಯ್ಕೆ ಇರುವುದು ಗ್ರಾಹಕರ ಜಾಗದಲ್ಲಿ. ಒಬ್ಬ ಹುಡುಗನಿಗೆ ಸಂಬಳ, ಪೆಟ್ರೋಲು ಸೇರಿ ತಿಂಗಳಿಗೆ 7,500 ರೂಪಾಯಿ ಎಂದರೆ, 22 ಡಬ್ಬಿಯ ದಾರಿಯಲ್ಲಿ ಒಂದು ಡಬ್ಬಿಗೆ 13 ರೂಪಾಯಿ ಸಾಗಣೆಗೇ ಹೋಗುತ್ತದೆ. ಅದೇ ಹುಡುಗ ಒಂದೇ ಕಟ್ಟಡದಲ್ಲಿ ಐದಾರು ಡಬ್ಬಿ ಕೊಡುವಂತಾಗಿ, ಒಟ್ಟು ಮೂವತ್ತು ಡಬ್ಬಿ ಒಯ್ದರೆ ಅದು 10 ರೂಪಾಯಿಗಿಂತ ಕೆಳಗೆ ಇಳಿಯುತ್ತದೆ. ಒಬ್ಬನಿಂದಲೇ ನಡೆಸುವಷ್ಟು ಮಾತ್ರ ಬಂಡವಾಳವಿರುವವರು ನೆಹರೂ ನಗರದ 22 ಜನರನ್ನು ಬಿಟ್ಟು, ಉದ್ಯಮಬಾಗದ ಜೊತೆಗೆ ಅನಗೋಳದಲ್ಲಿ ಹತ್ತು ಹನ್ನೆರಡು ಜನರನ್ನು ಹಿಡಿಯುವುದು ಲೇಸು. ಗೆಳೆಯರ ಗೆಳೆಯರೆಂದು ಊರಿನ ನಾಲ್ಕೂ ದಿಕ್ಕಿಗೆ ಒಂದೊಂದು ಡಬ್ಬಿ ಒಪ್ಪಿಕೊಳ್ಳುವುದರಿಂದ ಕೆಟ್ಟ ವ್ಯವಹಾರಗಳೇ ಹೆಚ್ಚು.

ದಾರಿಯನ್ನು ಬರೆಯುವಾಗ ಹತ್ತಿರದಿಂದ ದೂರಕ್ಕೆ ಎಂಬ ಕ್ರಮಕ್ಕಿಂತ, ಹೊತ್ತು ಬಿಗಿಯಾಗಿರುವವರು ಮೊದಲು ಎಂಬ ಕ್ರಮ ಒಳ್ಳೆಯದು. ವರ್ಕ್‌ಶಾಪಿನ ಊಟದ ಬಿಡುವು ಅರ್ಧ ತಾಸಿನದು, ಅದು ಯಾರಿಗೂ ಕಾಯುವುದಿಲ್ಲ. ಮನೆಯಲ್ಲಿರುವ ಹಿರಿಯರಿಗೆ ಕಾಲು ತಾಸು ಆಚೀಚೆಯಾದರೂ ನಡೆಯುತ್ತದೆ.

ಹಣ ಯಾವಾಗ, ಹೇಗೆ

ತಿಂಗಳ ಕೊನೆಗೆ ಎಣಿಸಿ ಹಣ ಪಡೆಯುವ ಪದ್ಧತಿ ಗ್ರಾಹಕರಿಗೆ ಹಿತ, ಅಡುಗೆಯವರಿಗೆ ಭಾರ. ಉದಾಹರಣೆಯ ವ್ಯವಹಾರದಲ್ಲಿ 83,200 ರೂಪಾಯಿ ವಹಿವಾಟಿಗೆ ಬೇಕಾದ ಕಿರಾಣಿ, ಕೂಲಿ, ಗ್ಯಾಸು ಎಲ್ಲದಕ್ಕೂ ಮೊದಲೇ ಕೈಯಿಂದ ಹಾಕಿ, ಕೊನೆಗೆ ಇಬ್ಬರು ರೂಮು ಖಾಲಿ ಮಾಡಿ ಹೋದರೆ 4,160 ರೂಪಾಯಿ ಮುಳುಗುತ್ತದೆ. ಪಗಾರ ಆದಮೇಲೆಯೇ ಕೊಡಬಲ್ಲ ವರ್ಕ್‌ಶಾಪಿನವರಿಗೆ, ಅದೂ ಮೇಸ್ತ್ರಿ ಅಥವಾ ಮಾಲೀಕರು ಒಟ್ಟಿಗೆ ಜವಾಬ್ದಾರಿ ಹೊತ್ತರೆ ಮಾತ್ರ, ಹದಿನೈದು ದಿನಕ್ಕೊಮ್ಮೆ ಹೀಗೆ ಪಡೆಯಬಹುದು.

ಒಂದನೇ ತಾರೀಖಿಗೆ ಇಡೀ ತಿಂಗಳ 2,080 ರೂಪಾಯಿ ಮುಂಗಡ ಪಡೆಯುವುದು ಸರಳ, ಆದರೆ ರಜೆಯ ದಿನಗಳ ವಾದ ಇಲ್ಲಿಯೇ ಹೆಚ್ಚು. ಮೂರು ದಿನ ಊರಿಗೆ ಹೋಗಿದ್ದೆ, ಕಳೆಯಿರಿ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಇವೆರಡರ ನಡುವಿನ ದಾರಿ 26 ಡಬ್ಬಿಯ ಕಾರ್ಡು: ಹಣ ಮುಂಚೆ, ಆದರೆ ತಾರೀಖಿನ ಬದಲು ಡಬ್ಬಿಯ ಎಣಿಕೆ. ಡಬ್ಬಿ ಹೋದ ದಿನ ಕಾರ್ಡಿನ 26 ಮನೆಗಳಲ್ಲಿ ಒಂದನ್ನು ಹೊಡೆಯುವುದು, ಹೋಗದ ದಿನ ಹೊಡೆಯದಿರುವುದು. ಕಾರ್ಡಿಗೆ 40 ದಿನದ ಅವಧಿ ಬರೆದಿರಬೇಕು, ಇಲ್ಲವಾದರೆ ಕೆಲವರು ವಾರಕ್ಕೆರಡು ಡಬ್ಬಿ ತರಿಸಿ ಮೂರು ತಿಂಗಳು ಎಳೆಯುತ್ತಾರೆ ಮತ್ತು ದಾರಿಯಲ್ಲಿ ಅವರಿಗಾಗಿ ಜಾಗ ಕಾಯ್ದಿಡಬೇಕಾಗುತ್ತದೆ. ವಿದ್ಯಾರ್ಥಿಗಳು, ಪಾಳಿಯಲ್ಲಿ ದುಡಿಯುವ ನರ್ಸುಗಳು, ಆಗಾಗ ಊರಿಗೆ ಹೋಗುವ ನೌಕರರು ಇವರಿಗೆಲ್ಲ ನಾನು ಕಾರ್ಡನ್ನೇ ಸೂಚಿಸುತ್ತೇನೆ.

ಸ್ಟೀಲ್ ಡಬ್ಬಿಯಾದರೆ ಬಿಲ್ಲಿನಲ್ಲಿ 300 ರೂಪಾಯಿ ಠೇವಣಿಯನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಅದು ಆದಾಯವಲ್ಲ, ಮರಳಿಸಬೇಕಾದ ಸಾಲ. ನಲವತ್ತು ಜನರ 12,000 ರೂಪಾಯಿಯನ್ನು ಕಿರಾಣಿಗೆ ಬಳಸಿದವರು ಬೇಸಿಗೆ ರಜೆಗೆ ವಿದ್ಯಾರ್ಥಿಗಳು ಒಟ್ಟಿಗೆ ಬಿಟ್ಟಾಗ ಪರದಾಡುತ್ತಾರೆ. ತೆರಿಗೆಯ ವಿಷಯದಲ್ಲಿ, ಈ ಗಾತ್ರದ ವ್ಯವಹಾರದ ವಾರ್ಷಿಕ ವಹಿವಾಟು ಹತ್ತು ಲಕ್ಷದ ಒಳಗೇ ಇರುವುದರಿಂದ, ಸೇವೆಗಳಿಗಿರುವ 20 ಲಕ್ಷದ ಜಿಎಸ್‌ಟಿ ಮಿತಿಗಿಂತ ಕೆಳಗೆ ಉಳಿಯುತ್ತದೆ. ಆದರೆ ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ ನೋಂದಣಿ ಮನೆಯ ಅಡುಗೆಗೂ ಬೇಕು.

ಡಬ್ಬಿ ತಪ್ಪಿದ ದಿನ

ತಪ್ಪುವುದು ಮೂರು ಬಗೆ. ನಮ್ಮ ಕಡೆಯಿಂದ ತಪ್ಪಿದ್ದು, ಗ್ರಾಹಕರ ಕಡೆಯಿಂದ ತಪ್ಪಿದ್ದು, ಇಬ್ಬರ ಕೈಯಲ್ಲೂ ಇಲ್ಲದ್ದು. ಪ್ರತಿಯೊಂದಕ್ಕೂ ನಿಯಮವನ್ನು ಮೊದಲ ದಿನವೇ ಕಾರ್ಡಿನ ಹಿಂದೆ ಬರೆದುಕೊಟ್ಟರೆ ವಾದ ಮುಕ್ಕಾಲು ತಗ್ಗುತ್ತದೆ.

ನಮ್ಮ ತಪ್ಪೆಂದರೆ ಬಹುಮಟ್ಟಿಗೆ ಸಾರು ಸೋರುವುದು ಅಥವಾ ಡಬ್ಬಿ ಅದಲುಬದಲಾಗುವುದು. ಪ್ರತಿ ದಾರಿಗೆ ಒಂದು ಹೆಚ್ಚುವರಿ ಡಬ್ಬಿ ಕಳಿಸುವುದು ಇದಕ್ಕೆ ಅಗ್ಗದ ಪರಿಹಾರ. ಅದು ಸಸ್ಯಾಹಾರದ್ದೇ ಆಗಿರಬೇಕು, ಆಗ ಯಾರಿಗೂ ಕೊಡಬಹುದು. ಹೆಚ್ಚುವರಿ ಡಬ್ಬಿ ಇಲ್ಲದೆ ಊಟವೇ ತಪ್ಪಿದರೆ ಕಾರ್ಡಿನಲ್ಲಿ ಮನೆ ಹೊಡೆಯದಿರುವುದಷ್ಟೇ ಸಾಲದು, ಒಂದು ಡಬ್ಬಿ ಉಚಿತವಾಗಿ ಸೇರಿಸಬೇಕು. ಗ್ರಾಹಕರು ಆ ದಿನ ಹೊರಗೆ ಹೆಚ್ಚು ಹಣ ಕೊಟ್ಟು ಉಂಡಿರುತ್ತಾರೆ. ಅದಲುಬದಲನ್ನು ತಡೆಯಲು ಮುಚ್ಚಳಕ್ಕೂ ಮೈಗೂ ಒಂದೇ ನಂಬರನ್ನು ಬಣ್ಣದಲ್ಲಿ ಬರೆಯಿಸಬೇಕು.

ಸ್ಟೀಲ್ ಡಬ್ಬಿಗೆ ಇನ್ನೊಂದು ಉಪಾಯವಿದೆ. ಪ್ರತಿ ಗ್ರಾಹಕರ ಎರಡು ಡಬ್ಬಿಗಳಲ್ಲಿ ಒಂದರ ಹಿಡಿಕೆಗೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಕಟ್ಟಿ, ಸೋಮವಾರ ಕೆಂಪು, ಮಂಗಳವಾರ ಹಸಿರು ಎಂಬಂತೆ ಶನಿವಾರದವರೆಗೆ ಬದಲಿಸುತ್ತ ಕಳಿಸಬೇಕು. ಕೆಂಪು ಹೋದ ದಿನ ಹಸಿರೇ ಮರಳಬೇಕು. ಸಂಜೆ ತೊಳೆಯುವ ಜಾಗದಲ್ಲಿ ಬೇರೆ ಬಣ್ಣ ಕಂಡರೆ ಯಾರದೋ ಡಬ್ಬಿ ಹೆಚ್ಚು ದಿನ ಹೊರಗೆ ಉಳಿದಿತ್ತೆಂದು ವಹಿ ತೆರೆಯದೆಯೇ ತಿಳಿಯುತ್ತದೆ. ರಜೆ ಹಾಕಿದವರದು ಮಾತ್ರ ಇದಕ್ಕೆ ಹೊರತು. ಎರಡೂ ಡಬ್ಬಿ ಗ್ರಾಹಕರಲ್ಲೇ ಉಳಿದರೆ ಮೂರನೆಯದನ್ನು ಕೊಡಬಾರದು. ಖಾಲಿ ಬಂದರೆ ತುಂಬಿದ್ದು ಹೋಗುತ್ತದೆ ಎಂಬ ನಿಯಮದಲ್ಲಿ ದಾಕ್ಷಿಣ್ಯ ತೋರಿದರೆ ಎಂಟು ಹೆಚ್ಚುವರಿ ಡಬ್ಬಿ ಒಂದೇ ವಾರದಲ್ಲಿ ಕರಗುತ್ತವೆ.

ಗ್ರಾಹಕರ ಕಡೆಯ ತಪ್ಪಿಗೆ ಗಡುವು ಮುಖ್ಯ. ಹಿಂದಿನ ರಾತ್ರಿ ಎಂಟರೊಳಗೆ ವಾಟ್ಸಾಪಿನಲ್ಲಿ ತಿಳಿಸಿದರೆ ಆ ಡಬ್ಬಿ ಎಣಿಕೆಗೆ ಬರುವುದಿಲ್ಲ. ರಾತ್ರಿಯೇ ಏಕೆಂದರೆ, ರೊಟ್ಟಿ ಬಡಿದು ಕೊಡುವವರಿಗೆ ಎಣಿಕೆ ಹೇಳುವುದು ಆಗಲೇ. ಬೆಳಿಗ್ಗೆ ಹನ್ನೊಂದಕ್ಕೆ ಫೋನು ಮಾಡಿ "ಅಕ್ಕಾರ, ಇವತ್ತ ಡಬ್ಬಿ ಬ್ಯಾಡ್ರಿ" ಎಂದರೆ ಮನೆ ಹೊಡೆಯಲೇಬೇಕು. ತಿಂಗಳಿಗೊಮ್ಮೆ ಮಾಫಿ ಮಾಡುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ಮಳೆ, ಬಂದ್, ಮೆರವಣಿಗೆಗಳಲ್ಲಿ ಕೆಲವು ಮೊದಲೇ ಗೊತ್ತಿರುತ್ತವೆ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಯ ದಿನ ಚನ್ನಮ್ಮ ವೃತ್ತ ದಾಟಿ ಹೊತ್ತಿಗೆ ಸರಿಯಾಗಿ ಡಬ್ಬಿ ಮುಟ್ಟಿಸುವುದು ಆಗದ ಮಾತು. ಅಂದು ನೆಹರೂ ನಗರದ ದಾರಿಗೆ ರಜೆಯೆಂದು ವಾರದ ಮೊದಲೇ ತಿಳಿಸಬೇಕು. ದಿಢೀರ್ ಬಂದ್ ಆದರೆ ಎಣಿಕೆಗೆ ಹಿಡಿಯದೆ, ಮಾಡಿದ ಅಡುಗೆಯ ನಷ್ಟವನ್ನು ನಾವೇ ಹೊರಬೇಕು. ಅದಕ್ಕಾಗಿ ಪ್ರತಿ ಡಬ್ಬಿಯಿಂದ ಒಂದು ರೂಪಾಯಿ ತೆಗೆದಿಟ್ಟರೆ ತಿಂಗಳಿಗೆ 1,040 ರೂಪಾಯಿ ಒಟ್ಟಾಗುತ್ತದೆ, ಮೂರ್ನಾಲ್ಕು ತಿಂಗಳಿಗೊಮ್ಮೆ ಬರುವ ಅಂಥ ಒಂದು ದಿನಕ್ಕೆ ಅದು ಹೆಚ್ಚುಕಡಿಮೆ ಸಾಕು.

ಬಾಗಿಲು ಹಾಕಿದ ಮನೆಯ ಮುಂದೆ ಹುಡುಗ ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ಒಮ್ಮೆ ಫೋನು, ಬಾಗಿಲಿನ ಒಂದು ಫೋಟೊ, ನಂತರ ಮುಂದಿನ ಮನೆ. ಗೇಟಿಗೆ ಡಬ್ಬಿ ತೂಗುಹಾಕಿ ಬರಲು ಗ್ರಾಹಕರು ಹೇಳಿದ್ದರೆ ಹಾಗೆ ಮಾಡಬಹುದು, ಆದರೆ ತೂಗುಹಾಕಿದ ಹೊತ್ತನ್ನು ಅವರಿಗೆ ಬರೆದು ಕಳಿಸಿ, ಎರಡು ತಾಸು ಮೀರಿದರೆ ಉಣ್ಣಬೇಡಿರೆಂದು ಸೇರಿಸಬೇಕು. ಒಂದೇ ಗ್ರಾಹಕರಲ್ಲಿ ತಿಂಗಳಿಗೆ ಮೂರು ಸಲ ಹೀಗಾದರೆ, ಅವರನ್ನು ಬಾಗಿಲಿಗೆ ಮುಟ್ಟಿಸುವ ಪಟ್ಟಿಯಿಂದ ತೆಗೆದು, 10 ರೂಪಾಯಿ ಕಡಿಮೆಯಲ್ಲಿ ತಾವೇ ಬಂದು ಒಯ್ಯುವ ಪಟ್ಟಿಗೆ ಸೇರಿಸಲು ಕೇಳುವುದು ಇಬ್ಬರಿಗೂ ಒಳ್ಳೆಯದು.